ಅಡಿಕೆ ಮಾರೋ ದಿನ ಗೊತ್ತು ಮಾಡೋರು ಯಾರು? ನೀವೋ, ಆಸ್ಪತ್ರೆ ಬಿಲ್ಲೋ?

"ನಮಗ್ಯಾಕೆ ಇನ್ಶೂರೆನ್ಸು? ಮನೇಲಿ ಅಡಿಕೆ ಇದೆ, ಕಷ್ಟ ಬಂದ್ರೆ ನಾಲ್ಕು ಚೀಲ ಮಾರಿದ್ರಾಯ್ತು." ನಮ್ಮ ಕಡೆ ಸೊಸೈಟಿ ಕಟ್ಟೆ ಮೇಲೆ ಈ ಮಾತು ಕೇಳದ ವಾರ ಇಲ್ಲ. ಇವತ್ತಿನ ಬರಹ ಈ ಮಾತಿನ ವಿರುದ್ಧ. ಸ್ವಲ್ಪ ಉದ್ದ ಇದೆ, ಸಮಾಧಾನದಿಂದ ಓದಿ. ಒಪ್ಪದಿದ್ರೆ ಕಾಮೆಂಟಲ್ಲಿ ಜಗಳ ಮಾಡೋಣ.

ನಾವು ರಾಶಿ ಅಡಿಕೆ ಒಣಗಿಸಿ ಅಟ್ಟದ ಮೇಲೆ ಇಡೋದು ಯಾಕೆ? ಧಾರಣೆ ನೋಡ್ಕೊಂಡು ಮಾರೋಣ ಅಂತ. ಅಂದ್ರೆ ದಾಸ್ತಾನಿನ ನಿಜವಾದ ಬೆಲೆ ಇರೋದು ಕಾಯೋ ಶಕ್ತಿಯಲ್ಲಿ. ಅದೇ ದಾಸ್ತಾನನ್ನು ಕಾಯಿಲೆಗೂ ಆಗುತ್ತೆ ಅಂತ ಇಟ್ಟರೆ ಕಾಯೋ ಶಕ್ತಿಯನ್ನು ನಾವೇ ಬಿಟ್ಟುಕೊಟ್ಟ ಹಾಗೆ. ಎದೆನೋವು ಮಂಡಿ ಧಾರಣೆ ನೋಡ್ಕೊಂಡು ಬರಲ್ಲ. ಎಸ್‌ಐಪಿ ಕಟ್ಟೋ ಹುಡುಗರಿಗೂ ಇದೇ ಮಾತು. 2020ರ ಮಾರ್ಚಲ್ಲಿ ನಿಫ್ಟಿ ಜನವರಿಯ ಮಟ್ಟಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಬಿದ್ದಿತ್ತು. ಅದೇ ವರ್ಷ ನವೆಂಬರಿಗೆ ಹಳೇ ಮಟ್ಟ ದಾಟಿತು. ಕಾದವರಿಗೆ ಏನೂ ಹೋಗಲಿಲ್ಲ, ಆ ವಾರ ಆಸ್ಪತ್ರೆಗೆ ದುಡ್ಡು ಬೇಕಾದವರಿಗೆ ಹೋಯ್ತು. ಅದೇ ಲಾಕ್‌ಡೌನಲ್ಲಿ ಮಂಡಿಗಳೂ ಮುಚ್ಚಿದ್ದವು ಅನ್ನೋದು ನೆನಪಿರಲಿ.

ಲೆಕ್ಕಕ್ಕೆ ಒಂದು ಮನೆ ಇಟ್ಕೊಳ್ಳೋಣ. ಮೂರು ಎಕರೆ ತೋಟ. ಯಜಮಾನನಿಗೆ 44 ವರ್ಷ, ಹೆಂಡತಿ, ಇಬ್ಬರು ಮಕ್ಕಳು, 66 ವರ್ಷದ ಅಪ್ಪಯ್ಯ. ಎಪಿಎಲ್ ಕಾರ್ಡು. ಸೊಸೈಟೀಲಿ ನಾಲ್ಕೂವರೆ ಲಕ್ಷ ಬೆಳೆ ಸಾಲ, ಟ್ರ್ಯಾಕ್ಟರ್ ಮೇಲೆ ಆರು ಲಕ್ಷ. ಅಟ್ಟದ ಮೇಲೆ 20 ಕ್ವಿಂಟಾಲ್ ರಾಶಿ. ಜುಲೈಯಲ್ಲಿ ಅಪ್ಪಯ್ಯನಿಗೆ ಹೃದಯದ ಆಪರೇಷನ್, ಬಿಲ್ಲು 3 ಲಕ್ಷ 80 ಸಾವಿರ. ಓಡಾಟ, ಊಟ, ಆಮೇಲಿನ ಮಾತ್ರೆ ಸೇರಿ ಇನ್ನೊಂದು 40 ಸಾವಿರ. ಒಟ್ಟು 4 ಲಕ್ಷ 20 ಸಾವಿರ.

ಇನ್ಶೂರೆನ್ಸ್ ಇಲ್ಲ ಅಂದ್ಕೊಳ್ಳಿ. ಆವತ್ತಿನ ಧಾರಣೆ 42 ಸಾವಿರ ಇದ್ರೆ ಹತ್ತು ಕ್ವಿಂಟಾಲ್ ಹೋಯ್ತು, ಅಂದ್ರೆ ಅರ್ಧ ದಾಸ್ತಾನು. ಆಮೇಲೆ ಧಾರಣೆ 50 ಸಾವಿರ ಆದ್ರೆ ಬರೀ ಹೊತ್ತು ತಪ್ಪಿ ಮಾರಿದ್ದಕ್ಕೆ 80 ಸಾವಿರ ನಷ್ಟ. ಇಳಿಯಲೂಬಹುದು, ಒಪ್ತೀನಿ. ಆದ್ರೆ ಏರುತ್ತೋ ಇಳಿಯುತ್ತೋ ಅಂತ ಲೆಕ್ಕ ಹಾಕಿ ಮಾರೋ ಹಕ್ಕು ಆ ಮನೆಗೆ ಉಳಿದಿಲ್ಲ, ನನ್ನ ತಕರಾರು ಅದು.

ನಷ್ಟ ಅಲ್ಲಿಗೇ ನಿಲ್ಲಲ್ಲ. ಮುಂಗಾರಿಗೆ ಮುಂಚೆ ಬೋರ್ಡೋ ಹೊಡೆದು 40–45 ದಿನಕ್ಕೆ ಎರಡನೇ ಸಲ ಹೊಡೀಬೇಕು. ಅದು ಬರೋದು ಸರಿಯಾಗಿ ಜುಲೈಯಲ್ಲೇ. ಮನೆಯವರೆಲ್ಲ ಆಸ್ಪತ್ರೇಲಿ, ಕೈಯಲ್ಲಿ ಕೂಲಿಗೆ ಕಾಸಿಲ್ಲ, ಮರ ಹತ್ತೋರನ್ನು ಕರೆಯೋರಿಲ್ಲ. ಸಿಂಪಡಣೆ ತಪ್ಪಿ ಕೊಳೆ ಬಂದ್ರೆ ಮುಂದಿನ ಫಸಲಿಗೂ ಹೊಡೆತ. ಸಾಲದ ಕಂತಿಗೆ ಅಂತ ಇಟ್ಟಿದ್ದ ಅಡಿಕೆಯೂ ಹೋಗಿದೆ. ಶೂನ್ಯ ಬಡ್ಡಿ ಸಿಗೋದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ತಪ್ಪಿದ್ರೆ ಬಡ್ಡಿಯೂ ಮೈಮೇಲೆ.

"ನಮ್ಮ ಹತ್ರ ಪಾಲಿಸಿ ಇದೆಯಲ್ಲ" ಅನ್ನೋರು ಇಲ್ಲಿ ನಿಂತು ನೋಡಿ. ಇದೇ ಮನೆಗೆ 3 ಲಕ್ಷದ ಪಾಲಿಸಿ ಇತ್ತು ಅಂದ್ಕೊಳ್ಳಿ. ಅದರೊಳಗೆ ರೂಮ್ ಬಾಡಿಗೆ ವಿಮಾ ಮೊತ್ತದ ಶೇಕಡಾ 1, ಅಂದ್ರೆ ದಿನಕ್ಕೆ 3 ಸಾವಿರ ಅಂತ ಒಂದು ಸಾಲು. ಅಪ್ಪಯ್ಯನನ್ನು 6 ಸಾವಿರದ ರೂಮಲ್ಲಿ ಎಂಟು ದಿನ ಇಟ್ಟರು. ಕಡಿತ ರೂಮ್ ಬಾಡಿಗೆಗೆ ಮಾತ್ರ ಅಂತ ನಮ್ಮವರು ತಿಳ್ಕೊಂಡಿರ್ತಾರೆ. ಹಾಗಲ್ಲ. ಇಂಥ ಪಾಲಿಸೀಲಿ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲ ಅದೇ ಅನುಪಾತದಲ್ಲಿ ಕತ್ತರಿಸ್ತಾರೆ. ಔಷಧಿ, ಟೆಸ್ಟು, ಒಳಗೆ ಹಾಕೋ ಉಪಕರಣ ಮಾತ್ರ ಈ ಕತ್ತರಿಗೆ ಸಿಗಲ್ಲ.

ಬಿಲ್ಲು ಬಿಡಿಸಿ ನೋಡೋಣ. ರೂಮು 48 ಸಾವಿರ, ಅರ್ಧ ಅಂದ್ರೆ 24 ಸಾವಿರ ಬಂತು. ಡಾಕ್ಟರ್, ಥಿಯೇಟರ್, ನರ್ಸಿಂಗ್ 1 ಲಕ್ಷ 60 ಸಾವಿರ, ಅದರಲ್ಲೂ ಅರ್ಧ, 80 ಸಾವಿರ. ಔಷಧಿ, ಟೆಸ್ಟು 1 ಲಕ್ಷ 60 ಸಾವಿರ ಪೂರ್ತಿ ಬಂತು. ಗ್ಲೌಸು, ಫೈಲು ಇಂಥವಕ್ಕೆ 12 ಸಾವಿರ, ಬಿಡಿಗಾಸು ಬರಲಿಲ್ಲ. ಒಟ್ಟು ಬಂದಿದ್ದು 2 ಲಕ್ಷ 64 ಸಾವಿರ. ಕೈಯಿಂದ ಹೋಗಿದ್ದು 1 ಲಕ್ಷ 16 ಸಾವಿರ, ಓಡಾಟದ 40 ಸೇರಿದ್ರೆ 1 ಲಕ್ಷ 56 ಸಾವಿರ. ಪಾಲಿಸಿ ಇದ್ದೂ ನಾಲ್ಕು ಕ್ವಿಂಟಾಲ್ ಮಾರಬೇಕಾಯ್ತು. ಅದೇ ರೂಮ್ ಮಿತಿ ಇಲ್ಲದ, ಕೋ-ಪೇ ಇಲ್ಲದ 10 ಲಕ್ಷದ ಪಾಲಿಸಿ ಇದ್ದಿದ್ರೆ ಕೈಯಿಂದ ಹೋಗ್ತಿದ್ದು 52 ಸಾವಿರ. ಬ್ಯಾಂಕಲ್ಲಿ ಒಂದು ಲಕ್ಷದ ಎಫ್‌ಡಿ ಇದ್ರೆ ಅಟ್ಟದ ಏಣಿ ಹತ್ತೋದೇ ಬೇಡ.

"ಸರ್ಕಾರದ ಕಾರ್ಡಿದೆ" ಅನ್ನೋದು ಇನ್ನೊಂದು ಮಾತು. ಖಂಡಿತ ಮಾಡಿಸ್ಕೊಳ್ಳಿ. ಆದ್ರೆ ಏನು ಸಿಗುತ್ತೆ ಅಂತ ತಿಳ್ಕೊಂಡಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಮನೆಗೆ ಸರ್ಕಾರದ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಗಮನಿಸಿ, ಶೇಕಡಾ 30 ಲೆಕ್ಕ ಹಾಕೋದು ಪ್ಯಾಕೇಜ್ ದರಕ್ಕೆ, ಆಸ್ಪತ್ರೆ ಬಿಲ್ಲಿಗಲ್ಲ. ತುರ್ತು ಅಲ್ಲದಿದ್ರೆ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯೂ ಬೇಕು. ಸೊಸೈಟಿ ಸದಸ್ಯರಿಗೆ ಯಶಸ್ವಿನಿ 2023ರಿಂದ ಮತ್ತೆ ಜಾರಿಗೆ ಬಂತು. ಹಳ್ಳಿಯಲ್ಲಿ ನಾಲ್ಕು ಜನರ ಮನೆಗೆ 500 ರೂಪಾಯಿ ಅಂತ ಶುರುವಾಯ್ತು, ಮಿತಿ 5 ಲಕ್ಷ. ಇಷ್ಟು ಅಗ್ಗದ ರಕ್ಷಣೆ ಇನ್ನೆಲ್ಲೂ ಇಲ್ಲ. ಆದ್ರೆ ಪಟ್ಟಿಯಲ್ಲಿರೋ ಚಿಕಿತ್ಸೆಗೆ, ಒಪ್ಪಂದ ಇರೋ ಆಸ್ಪತ್ರೇಲಿ ಮಾತ್ರ. ನೋಂದಣಿಗೂ ಗಡುವು ಇರುತ್ತೆ, ಬೇಕಾದಾಗ ಸೇರ್ಕೊಳ್ಳೋಕೆ ಆಗಲ್ಲ. ಇದನ್ನ ಮೊದಲ ಬೇಲಿ ಅಂತ ಇಟ್ಕೊಳ್ಳಿ, ಒಂದೇ ಬೇಲಿ ಅಂತ ಅಲ್ಲ.

ಇನ್ನು ಯಜಮಾನನ ಜೀವದ ಮಾತು. ನಮ್ಮಲ್ಲಿ ಯಾರೂ ಬಾಯಿ ಬಿಡದ ವಿಷಯ. ಇದೇ ಮನೆಯ ಯಜಮಾನನಿಗೆ ವರ್ಷಕ್ಕೆ 25 ಸಾವಿರ ಕಟ್ಟೋ ಹಳೇ ಶೈಲಿಯ ದುಡ್ಡು ವಾಪಸ್ ಬರೋ ಪಾಲಿಸಿ ಇದೆ, ರಕ್ಷಣೆ 5 ಲಕ್ಷ. ಬ್ಯಾಂಕಲ್ಲಿ ವರ್ಷಕ್ಕೆ 436 ರೂಪಾಯಿ ಕಟ್ ಆಗೋ ಪ್ರಧಾನಮಂತ್ರಿ ಜೀವನ್ ಜ್ಯೋತಿ, ಅದು 2 ಲಕ್ಷ. ಸೇರಿ 7 ಲಕ್ಷ. ಸಾಲವೇ ಹತ್ತೂವರೆ ಲಕ್ಷ ಇದೆ! ಅವನು ಹೋದ ದಿನದಿಂದ ಅವನು ಮಾಡ್ತಿದ್ದ ಕೆಲಸಕ್ಕೆಲ್ಲ ಆಳು ಬೇಕು. ತೋಟದ ಉತ್ಪನ್ನದಲ್ಲಿ ವರ್ಷಕ್ಕೆ 2 ಲಕ್ಷ ಖೋತಾ ಅಂದ್ರೂ ಚಿಕ್ಕ ಮಗು ದೊಡ್ಡದಾಗೋ 12 ವರ್ಷಕ್ಕೆ 24 ಲಕ್ಷ. ಮಕ್ಕಳ ಓದಿಗೆ 10 ಲಕ್ಷ. ಸಾಲ ಸೇರಿ ಸುಮಾರು 45 ಲಕ್ಷ. ಏಳು ಕಳೆದ್ರೆ 38 ಲಕ್ಷ ಕೊರತೆ. ಆ ಕೊರತೆ ತುಂಬೋಕೆ ಆ ಹೆಣ್ಣುಮಗಳ ಹತ್ರ ಇರೋದು ತೋಟ ಒಂದೇ. ಕಷ್ಟದಲ್ಲಿ ಮಾರ್ತಿದ್ದಾರೆ ಅಂತ ಊರಿಗೆಲ್ಲ ಗೊತ್ತಿರೋ ತೋಟಕ್ಕೆ ಯಾವ ಬೆಲೆ ಹೇಳ್ತಾರೆ ಅಂತ ನಿಮಗೆ ನಾನು ಹೇಳಬೇಕಾ?

ಇದಕ್ಕೆ ಮದ್ದು ಟರ್ಮ್ ಪಾಲಿಸಿ, ಈ ಮನೆಗೆ 40–50 ಲಕ್ಷದ್ದು. ಬದುಕಿದ್ರೆ ಒಂದು ರೂಪಾಯಿಯೂ ವಾಪಸ್ ಬರಲ್ಲ, ಅದಕ್ಕೇ ಅದು ಅಗ್ಗ. ಮಾಡಿಸೋವಾಗ ಮೂರು ವಿಷಯ ಗಮನದಲ್ಲಿಡಿ. ಒಂದು, ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕೋರು ಅರ್ಜಿಯಲ್ಲಿ ಹಾಗೇ ಬರೀರಿ. ಕಂತು ಸ್ವಲ್ಪ ಜಾಸ್ತಿ ಆಗುತ್ತೆ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸೋಕೆ ನೀವೇ ಕಾರಣ ಬರೆದುಕೊಟ್ಟ ಹಾಗೆ. ಎರಡು, ಕಂಪನಿಯವರು ಆದಾಯದ ದಾಖಲೆ ಕೇಳ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ನಾವು ರಿಟರ್ನ್ ಹಾಕಿರಲ್ಲ. ತೆರಿಗೆ ಬಾರದಿದ್ರೂ ಆದಾಯ ತೋರಿಸಿ ರಿಟರ್ನ್ ಹಾಕೋಕೆ ಅಡ್ಡಿಯಿಲ್ಲ, ಆ ಕಾಗದ ಇಲ್ಲಿ ಕೆಲಸಕ್ಕೆ ಬರುತ್ತೆ. ಮೂರು, ಸಾಲ ಇರೋರು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಪಾಲಿಸಿ ಮಾಡಿಸಿ. ಆಗ ಆ ದುಡ್ಡು ಹೆಂಡತಿ ಮಕ್ಕಳದ್ದು, ಸಾಲಗಾರರು ಕೈ ಹಾಕೋಕೆ ಬರಲ್ಲ. ಇದನ್ನ ಪಾಲಿಸಿ ತಗೊಳ್ಳೋ ದಿನವೇ ಬರೆಸಬೇಕು.

"ಏನೂ ಆಗದಿದ್ರೆ ಕಟ್ಟಿದ್ದೆಲ್ಲ ದಂಡ ಅಲ್ವಾ?" ಕೊಳೆ ಬಾರದ ವರ್ಷ ಮೈಲುತುತ್ತದ ದುಡ್ಡು ವಾಪಸ್ ಕೊಡಿ ಅಂತ ಅಂಗಡಿಗೆ ಹೋದೋರನ್ನು ನಾನು ನೋಡಿಲ್ಲ.

ಕೊನೇ ತಕರಾರು: "ಮೊದಲು ನಾಲ್ಕು ಕಾಸು ಕೂಡಿಸೋಣ, ಆಮೇಲೆ ಇನ್ಶೂರೆನ್ಸ್." ತಲೆಕೆಳಗಾಗಿರೋದು ಇದೇ. ಎಸ್‌ಐಪಿ ಯಾವ ತಿಂಗಳು ಬೇಕಾದ್ರೂ ಶುರು ಮಾಡಬಹುದು. ಆರೋಗ್ಯ ಪಾಲಿಸಿಗೆ ಕಾಯೋ ಅವಧಿ ಇದೆ. ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಮೊದಲ 30 ದಿನ ಏನೂ ಸಿಗಲ್ಲ. ಈಗಾಗಲೇ ಇರೋ ಬಿಪಿ, ಶುಗರ್ ಸಂಬಂಧಿ ಖರ್ಚಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹರ್ನಿಯಾ, ಕಣ್ಣಿನ ಪೊರೆ, ಮಂಡಿ ಆಪರೇಷನ್‌ಗೂ ಹೀಗೇ ಪ್ರತ್ಯೇಕ ಅವಧಿ ಇರುತ್ತೆ. ಗಡಿಯಾರ ಓಡೋಕೆ ಶುರುವಾಗೋದು ಮೊದಲ ಕಂತು ಕಟ್ಟಿದ ಮೇಲೆ. ಕೂಡಿಸ್ತಾ ಕೂತ ಪ್ರತಿ ವರ್ಷವೂ ಆ ಗಡಿಯಾರ ನಿಂತೇ ಇರುತ್ತೆ, ಅಷ್ಟರಲ್ಲಿ ಶುಗರ್ ಬಂದ್ರೆ ಪಾಲಿಸಿ ಕೊಡೋದೇ ಕಷ್ಟ ಆಗಬಹುದು.

ಹಾಗಾಗಿ ಸಾಲು ಹೀಗಿರಲಿ. ಯಶಸ್ವಿನಿ, ಕಾರ್ಡು ಮೊದಲು. ಆಮೇಲೆ ಗಂಡ, ಹೆಂಡತಿ, ಮಕ್ಕಳಿಗೆ ಒಂದು ಪಾಲಿಸಿ. ಅಪ್ಪಯ್ಯ, ಅಮ್ಮನಿಗೆ ಬೇರೆಯದೇ ಮಾಡಿಸಿ, ಒಂದರಲ್ಲೇ ಸೇರಿಸಿದ್ರೆ ಹಿರಿಯರ ವಯಸ್ಸು ನೋಡಿ ಎಲ್ಲರ ಕಂತೂ ಏರುತ್ತೆ. ಜೊತೆಗೇ ಯಜಮಾನನ ಟರ್ಮ್. ವೈಯಕ್ತಿಕ ಆರೋಗ್ಯ, ಜೀವ ವಿಮೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ, ಆ ನೆಪವೂ ಹೋಯ್ತು. ಅದಾದ ಮೇಲೆ ಒಂದು ಲಕ್ಷದ ಎಫ್‌ಡಿ. ಎಸ್‌ಐಪಿ, ಚಿನ್ನ, ಸೈಟು, ಅಟ್ಟದ ಮೇಲೆ ಜಾಸ್ತಿ ಅಡಿಕೆ ಎಲ್ಲ ಇವುಗಳ ನಂತರ. ಈ ಸಲ ಕೊಯ್ಲಿನ ದುಡ್ಡು ಬಂದ ಕೂಡ್ಲೆ ಎರಡು ಕ್ವಿಂಟಾಲ್ ಇದಕ್ಕೆ ಅಂತಲೇ ತೆಗೆದಿಡಿ.

ಪಾಲಿಸಿ ಈಗಾಗಲೇ ಇರೋರು ಇವತ್ತು ರಾತ್ರಿ ಕಪಾಟಿಂದ ಆ ಕಾಗದ ತೆಗೀರಿ. ರೂಮ್ ಬಾಡಿಗೆ ಮಿತಿ, ಕೋ-ಪೇ, ಕಾಯೋ ಅವಧಿ, ಈ ಮೂರು ಸಾಲು ಹುಡುಕಿ. ಅರ್ಥ ಆಗದಿದ್ರೆ ಹೆಸರು, ಪಾಲಿಸಿ ನಂಬರ್ ಮುಚ್ಚಿ ಆ ಪುಟದ ಫೋಟೋ ಕೆಳಗೆ ಹಾಕಿ. ಕೂತು ಒಟ್ಟಿಗೆ ಓದೋಣ.