ಸಹಿ ಅವರದು, ಮಾತು ಯಾರದು?

ಪುಣೆಯಲ್ಲಿ ನಮ್ಮ ನೆರೆಮನೆಯವರ ಮಗಳು ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ, ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಭಾಷಾವಿಜ್ಞಾನ ಓದಲು ಅರ್ಜಿ ಸಿದ್ಧಪಡಿಸುತ್ತಿದ್ದಳು. ಒಂದು ಭಾನುವಾರ ಎರಡು ಹಾಳೆಗಳನ್ನು ಹಿಡಿದು ನಮ್ಮಲ್ಲಿಗೆ ಬಂದಳು. ಒಂದು ಅವಳೇ ಕನ್ನಡದಲ್ಲಿ ಬರೆದ ಸ್ವವಿವರ, ಇನ್ನೊಂದು ಅವಳ ಪ್ರಾಧ್ಯಾಪಕರ ಶಿಫಾರಸು ಪತ್ರ. “ಕಾಕಾ, ಎರಡನ್ನೂ ಇಂಗ್ಲಿಷಿಗೆ ಮಾಡಿಕೊಡ್ರಿ” ಎಂದಳು. ಇಂಗ್ಲಿಷ್ ಎಂ.ಎ. ಓದಿದವರು, ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರು ಎಂಬ ಕಾರಣಕ್ಕೆ ಇಂಥ ಕೆಲಸಗಳು ನಮ್ಮ ಪಾಲಿಗೆ ಬರುವುದು ಹೊಸದಲ್ಲ. ಒಂದು ಸಂಜೆಯ ಕೆಲಸವೆಂದು ಒಪ್ಪಿಕೊಂಡೆವು. ಅದು ಮೂರು ವಾರ ಹಿಡಿಯಿತು.

ಸ್ವವಿವರದಲ್ಲಿ ತೊಡಕಿರಲಿಲ್ಲ. ನಮ್ಮ ರೂಢಿಯಂತೆ ಅದು ತಂದೆಯ ಹೆಸರು, ಜನ್ಮದಿನಾಂಕ, ಜಾತಿ, ವೈವಾಹಿಕ ಸ್ಥಿತಿಗಳಿಂದ ಆರಂಭವಾಗಿ, ಎಸ್‌ಎಸ್‌ಎಲ್‌ಸಿಯಿಂದ ಮೇಲೇರುತ್ತ, ‘ಮೇಲ್ಕಂಡ ಮಾಹಿತಿ ಸತ್ಯವಾಗಿರುತ್ತದೆ’ ಎಂಬ ಘೋಷಣೆಯೊಂದಿಗೆ ಮುಗಿಯುತ್ತಿತ್ತು. ಅಲ್ಲಿಯ ರೂಢಿ ಬೇರೆ. ಇತ್ತೀಚಿನ ಪದವಿ ಮೊದಲು ಬರಬೇಕು, ಜಾತಿ ಮತ್ತು ವೈವಾಹಿಕ ವಿವರಗಳು ಬೇಕಾಗಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲುಗಳನ್ನು ಕಿತ್ತೆವು, ಹಿಂದುಮುಂದು ಮಾಡಿದೆವು. ಬರಹ ಅವಳದು, ಬದಲಿಸುವ ಅಧಿಕಾರವೂ ಅವಳದೇ.

ಆದರೆ ಸ್ವವಿವರದಲ್ಲೂ ಅವಳ ಕೈಗೆ ಸೇರದ ಕೆಲವು ಪದಗಳಿದ್ದವು. ಧಾರವಾಡದ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರು ‘ಕರ್ನಾಟಕ್’ ಯೂನಿವರ್ಸಿಟಿ, ಕೊನೆಯಲ್ಲಿ ಅಕಾರವಿಲ್ಲ. ನಾವು ರಾಜ್ಯದ ಹೆಸರಿನಂತೆ ಬರೆದರೆ ಪ್ರಮಾಣಪತ್ರದೊಡನೆ ತಾಳೆಯಾಗುವುದಿಲ್ಲ. ಅವಳ ಇನಿಷಿಯಲ್‌ಗಳನ್ನು ಬಿಡಿಸಿ, ಪಾಸ್‌ಪೋರ್ಟಿನಲ್ಲಿರುವ ಕಾಗುಣಿತದಲ್ಲೇ ಹೆಸರು ಬರೆಯಬೇಕಾಯಿತು. ಇನ್ನೊಂದು ‘ಪ್ರಥಮ ದರ್ಜೆ’. ಅವಳ ಅಂಕ ಶೇಕಡಾ 68. ನಮ್ಮಲ್ಲಿ 60 ದಾಟಿದರೆ ಪ್ರಥಮ ದರ್ಜೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಅದಕ್ಕೆ 70 ಬೇಕು. ಬರೀ ‘ಫಸ್ಟ್’ ಎಂದರೆ ಹೆಚ್ಚಾಗಿ ಕಾಣುತ್ತದೆ, ಬರೀ 68 ಎಂದರೆ ಕಡಿಮೆಯಾಗಿ ಕಾಣುತ್ತದೆ. ಆದ್ದರಿಂದ ಅಂಕಪಟ್ಟಿಯಲ್ಲಿ ಅಚ್ಚಾಗಿರುವ ಎರಡನ್ನೂ ಬರೆದು, ನಮ್ಮಲ್ಲಿ ಆ ದರ್ಜೆ 60ರಿಂದ ಆರಂಭ ಎಂದು ಒಂದು ಸಾಲು ಸೇರಿಸಿದೆವು. ಅದನ್ನು ಅವರ ಅಳತೆಗೆ ತೂಗಿ ನೋಡುವ ಕೆಲಸ ಅವರದೇ.

ಇಕ್ಕಟ್ಟು ಬಂದದ್ದು ಪತ್ರದಲ್ಲಿ. ಅದರ ಸಾರ ಇಷ್ಟು: ‘ಕುಮಾರಿ ಇವರು ನನ್ನ ವಿದ್ಯಾರ್ಥಿನಿಯಾಗಿದ್ದು, ವಿಧೇಯರೂ ವಿನಯಶೀಲರೂ ಆಗಿರುತ್ತಾರೆ. ಇವರ ನಡತೆ ಉತ್ತಮವಾಗಿರುತ್ತದೆ. ಜಾನಪದ ಕ್ಷೇತ್ರಕಾರ್ಯದಲ್ಲಿ ಆಸಕ್ತಿಯಿಂದ ತೊಡಗಿರುತ್ತಾರೆ. ಇವರ ಭವಿಷ್ಯ ಉಜ್ವಲವಾಗಲೆಂದು ಹಾರೈಸುತ್ತೇನೆ.’ ಕನ್ನಡದಲ್ಲಿ ಓದಿದಾಗ ಇದರಲ್ಲಿ ಗುರುವಿನ ಅಕ್ಕರೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಇದು ನಡತೆ ಪ್ರಮಾಣಪತ್ರವಾಗುತ್ತದೆ. ‘ಒಬೀಡಿಯೆಂಟ್’ ಎಂಬ ಪದವನ್ನು ಅಲ್ಲಿಯ ಆಯ್ಕೆ ಸಮಿತಿ, ಹೇಳಿದಷ್ಟನ್ನೇ ಮಾಡುವವಳು ಎಂದು ಓದುವ ಸಂಭವವೇ ಹೆಚ್ಚು. ಅವರು ಹುಡುಕುವುದು ಗುಣವಾಚಕಗಳನ್ನಲ್ಲ. ಈ ವಿದ್ಯಾರ್ಥಿನಿ ಏನು ಮಾಡಿದಳು, ಹೇಗೆ ಯೋಚಿಸಿದಳು, ಶಿಕ್ಷಕರು ಅದನ್ನು ಹೇಗೆ ಬಲ್ಲರು ಎಂಬುದನ್ನು.

ವಿಷಯ ತಿಳಿದ ಸ್ನೇಹಿತರೊಬ್ಬರು ಸಲಹೆ ಕೊಟ್ಟರು: “ಅದರಲ್ಲೇನಿದೆ? ವಿಧೇಯಳು ಎಂಬುದನ್ನು ಬಿಟ್ಟುಬಿಡಿ. ನನ್ನ ಸೇವಾವಧಿಯಲ್ಲಿ ಕಂಡ ಅತ್ಯುತ್ತಮ ಐದು ಮಂದಿಯಲ್ಲಿ ಒಬ್ಬಳು ಎಂದು ಸೇರಿಸಿ. ಭಾವಾನುವಾದ ಅಂದರಾಯಿತು.” ಸದುದ್ದೇಶದ ಈ ಮಾತು ನಮ್ಮ ಹೊರನಾಡ ಬಳಗಗಳಲ್ಲಿ ಅಪರೂಪವೇನಲ್ಲ. ಹುಡುಗಿಯ ಭವಿಷ್ಯದ ಮುಂದೆ ಒಂದು ಸಾಲು ಯಾವ ಲೆಕ್ಕ ಎಂಬ ವಾದಕ್ಕೆ ತೂಕವೂ ಇದೆ. ಆದರೂ ನಾವು ಒಪ್ಪಲಿಲ್ಲ.

ಕಚೇರಿಯ ಅನುಭವದಿಂದ ಒಂದು ಮಾತು. ರಾಜಭಾಷಾ ಅಧಿನಿಯಮದ ಪ್ರಕಾರ ಕೇಂದ್ರ ಸರ್ಕಾರದ ಸಾಮಾನ್ಯ ಆದೇಶ, ಅಧಿಸೂಚನೆಗಳು ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲೂ ಹೊರಡಬೇಕು. ಹಾಗೆ ಹೊರಡುವಂತೆ ನೋಡಿಕೊಳ್ಳುವ ಹೊಣೆಯನ್ನು 1976ರ ನಿಯಮಗಳು ಅನುವಾದಕನ ಮೇಲೆ ಹೊರಿಸಿಲ್ಲ, ಸಹಿ ಮಾಡುವ ಅಧಿಕಾರಿಯ ಮೇಲೆ ಹೊರಿಸಿವೆ. ಶಿಫಾರಸು ಪತ್ರಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಸಹಿ ಮಾಡಿದವರು ಹೇಳದ ಮಾತನ್ನು ಅವರ ಸಹಿಯ ಮೇಲೆ ಕೂರಿಸಿದರೆ ಅದು ಭಾವಾನುವಾದವಲ್ಲ, ಸುಳ್ಳು ದಾಖಲೆ. ‘ಇದು ಮೂಲದ ಪೂರ್ಣ ಹಾಗೂ ನಿಖರ ಅನುವಾದ’ ಎಂದು ಕೆಳಗೆ ಬರೆದು ಹೆಸರು, ದಿನಾಂಕ, ಸಹಿ, ವಿಳಾಸ ಕೊಡಬೇಕಾದವರು ನಾವೇ. ‘ವಿಧೇಯ’ವನ್ನು ಮೆಲ್ಲನೆ ಕಳಚಿದರೂ ಆ ಹೇಳಿಕೆ ಸುಳ್ಳಾಗುತ್ತದೆ.

ಹಾಗಾದರೆ ಉಳಿದ ದಾರಿ ಮೂಲವನ್ನೇ ಬದಲಿಸುವುದು, ಅದೂ ಮೂಲದ ಕರ್ತೃವಿನಿಂದ. ನಾವು ಪ್ರಾಧ್ಯಾಪಕರಿಗೆ ಫೋನು ಮಾಡಿ, ಪತ್ರ ಚೆನ್ನಾಗಿದೆ, ಆದರೆ ಅಲ್ಲಿಯ ಓದುಗರಿಗೆ ಒಂದು ಪ್ರಸಂಗ ಬೇಕು ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. “ಪ್ರಸಂಗ ಅದರೀ. ಆದರ ಅದನ್ನ ಪತ್ರದಾಗ ಬರೀಲಿಕ್ಕೆ ಬರ್ತದೇನು? ಆಕಿ ನನ್ನ ಕೂಡ ಜಗಳಾ ಮಾಡ್ಯಾಳ.”

ಸಂಗತಿ ಇದು. ಅವಳು ಸವದತ್ತಿ ಕಡೆಯ ಹಳ್ಳಿಗಳಲ್ಲಿ ಬೀಸುವ ಪದಗಳನ್ನು ಧ್ವನಿಮುದ್ರಿಸಿ ಬರೆದುಕೊಂಡಿದ್ದಳು. ‘ಹೋಗ್ಯಾಳ’ ಎಂದಿದ್ದಲ್ಲೆಲ್ಲ ‘ಹೋಗಿದ್ದಾಳೆ’ ಎಂದು ತಿದ್ದಿ ತರಲು ಗುರುಗಳು ಹೇಳಿದರು. ಅವಳು ತಿದ್ದಲಿಲ್ಲ. ಮುದ್ರಣವನ್ನು ಮತ್ತೆ ಕೇಳಿಸಿ, ಗ್ರಂಥಭಾಷೆಯ ರೂಪ ಹಾಕಿದರೆ ಬೀಸುಕಲ್ಲಿನ ಸುತ್ತಿಗೆ ಸಾಲು ಹೊಂದುವುದಿಲ್ಲವೆಂದು ತೋರಿಸಿದಳು. ಎರಡು ದಿನ ವಾದ ನಡೆದು ಗುರುಗಳೇ ಒಪ್ಪಿದರು. ನಮ್ಮ ಪತ್ರಸಂಪ್ರದಾಯದಲ್ಲಿ ಶಿಷ್ಯೆ ಗುರುವನ್ನು ತಿದ್ದಿದ್ದು ಹೊಗಳಿಕೆಯಲ್ಲ, ಆದ್ದರಿಂದ ಅದು ಮೊದಲ ಪತ್ರದಲ್ಲಿ ಇರಲಿಲ್ಲ. ಭಾಷಾವಿಜ್ಞಾನ ಓದಲು ಹೊರಟವಳಿಗೆ ಇದಕ್ಕಿಂತ ದೊಡ್ಡ ಶಿಫಾರಸು ಯಾವುದು?

ಅವರು ಅದನ್ನೆಲ್ಲ ಕನ್ನಡದಲ್ಲೇ ಬರೆದು ನೇರವಾಗಿ ನಮಗೆ ಕಳುಹಿಸಿದರು. ಈ ಬಾರಿ ಪತ್ರ ಹುಡುಗಿಯ ಕೈಗೆ ಹೋಗಲಿಲ್ಲ. ಶಿಫಾರಸು ಗೋಪ್ಯವಾಗಿದ್ದಷ್ಟೂ ಅದಕ್ಕೆ ಬೆಲೆ ಹೆಚ್ಚು. ಅದಕ್ಕೆಂದೇ ವಿಶ್ವವಿದ್ಯಾಲಯ ಪತ್ರ ಬರೆಯುವವರ ಇಮೇಲಿಗೇ ಕೊಂಡಿ ಕಳುಹಿಸುತ್ತದೆ. ಅನುವಾದವನ್ನು ನಾವು ಅವರಿಗೆ ಫೋನಿನಲ್ಲಿ ಓದಿ ಹೇಳಿದೆವು. ಒಂದು ಕಡೆ ತಡೆದರು. “ನಾ ‘ಹಟ’ ಅಂತ ಬರದೇನಿ. ನೀವು ಓದಿದ ‘ಡಿಟರ್ಮಿನೇಶನ್’ ಭಾಳ ನಯ ಆತು.” ಅಂದರೆ ಹೊಳಪು ಕೊಡುವುದನ್ನು ವಿರೋಧಿಸಿದ ನಮ್ಮ ಕೈಯೇ ಒಂದಿಷ್ಟು ಹೊಳಪು ಕೊಟ್ಟಿತ್ತು! ‘ಸ್ಟಬರ್ನ್’ ಎಂದು ತಿದ್ದಿದೆವು. ಸಹಿಯಾದ ಕನ್ನಡ ಮೂಲ, ಇಂಗ್ಲಿಷ್ ಅನುವಾದ, ನಮ್ಮ ಹೇಳಿಕೆ, ಮೂರನ್ನೂ ಒಂದೇ ಕಡತವಾಗಿಸಿ ಅವರೇ ಸಲ್ಲಿಸಿದರು. ಹೇಳಿಕೆಯ ಮೇಲೆ ಕಚೇರಿಯ ಮೊಹರು ಹಾಕಿರೆಂದು ಹುಡುಗಿಯ ತಂದೆ ಕೇಳಿದರು. ಇದು ಕಚೇರಿಯ ಕೆಲಸವಲ್ಲವಾದ್ದರಿಂದ ಹಾಕಲಿಲ್ಲ. ಅಧಿಕೃತ ಅನುವಾದಕರ ಮುದ್ರೆಯನ್ನೇ ಕೇಳುವ ವಿಶ್ವವಿದ್ಯಾಲಯಗಳೂ ಇವೆ. ಅಲ್ಲಿ ನಮ್ಮಂಥವರ ಸಹಿ ನಡೆಯದು, ಮೊದಲೇ ವಿಚಾರಿಸಿಕೊಳ್ಳಬೇಕು.

ಅವಳಿಗೆ ಪ್ರವೇಶ ಸಿಕ್ಕಿತೇ ಎಂದು ಓದುಗರು ಕೇಳಬಹುದು. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಬರುವ ಉತ್ತರ ಏನೇ ಆಗಲಿ, ಇಂಥ ಹಾಳೆಗಳು ನಿಮ್ಮ ಮನೆಗೆ ಬಂದಾಗ ಪತ್ರದ ಇಂಗ್ಲಿಷಿಗೆ ಕೈಹಾಕುವ ಮೊದಲು ಅದನ್ನು ಬರೆದವರಿಗೆ ಒಂದು ಫೋನು ಮಾಡಿ. ನಾವು ಕಲ್ಪಿಸಿ ಸೇರಿಸಬೇಕೆಂದುಕೊಂಡದ್ದಕ್ಕಿಂತ ಒಳ್ಳೆಯ ಮಾತು ಹಲವು ವೇಳೆ ಅವರಲ್ಲೇ ಇರುತ್ತದೆ. ಸಂಕೋಚಕ್ಕೆ ಬರೆದಿರುವುದಿಲ್ಲ, ಅಷ್ಟೆ.