ಕಾಫಿ ಪುಡಿ ದುಬಾರಿಯಾದರೂ ಹಳೇ ಗಿರಾಕಿ ಕೈಬಿಡಲಿಲ್ಲ

ಮುಂಬೈನ ಮಾಟುಂಗಾದಲ್ಲಿ ಪರಿಚಯದವರೊಬ್ಬರ ಕಾಫಿ ಪುಡಿ ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಬರದಿಂದ ಬೆಳೆ ಕುಗ್ಗಿ, 2025ರ ಫೆಬ್ರುವರಿಯಲ್ಲಿ ಅರೇಬಿಕಾ ಬೆಲೆ ಜಾಗತಿಕ ಮಾರುಕಟ್ಟೆಯಲ್ಲಿ ದಾಖಲೆ ಮುಟ್ಟಿತು. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಒಳ್ಳೆಯ ದರ ಸಿಕ್ಕಿತು. ನಮ್ಮ ಅಂಗಡಿಯಲ್ಲಿ ಮಾತ್ರ ತಲೆನೋವು ಶುರುವಾಯಿತು.

ಮಾಲೀಕರ ಮುಂದೆ ಎರಡು ದಾರಿಗಳಿದ್ದವು. ಬೀಜದ ಬೆಲೆ ಶೇಕಡಾ ಎಷ್ಟು ಏರಿದೆಯೋ ಪುಡಿಯ ಬೆಲೆಯನ್ನೂ ಅಷ್ಟೇ ಏರಿಸುವುದು ಒಂದು. ಬೆಲೆ ಹಾಗೇ ಇಟ್ಟು ಸದ್ದಿಲ್ಲದೆ ಚಿಕೋರಿ ಹೆಚ್ಚಿಸುವುದು ಇನ್ನೊಂದು. ಎರಡೂ ಬೇಡ ಎಂದೆ.

ಲೆಕ್ಕ ಹೀಗಿದೆ. ಹಸಿ ಬೀಜ ಕಿಲೋಗೆ 300 ರೂಪಾಯಿಯಿಂದ 400ಕ್ಕೆ ಏರಿತು ಎನ್ನಿ. ಹುರಿದಾಗ ತೇವಾಂಶ ಹೋಗಿ ಒಂದು ಕಿಲೋ ಬೀಜ ಸುಮಾರು 840 ಗ್ರಾಂಗೆ ಇಳಿಯುತ್ತದೆ. ಹಾಗಾಗಿ ಹುರಿದ ಬೀಜಕ್ಕೆ ಕಿಲೋಗೆ 119 ರೂಪಾಯಿ ಹೆಚ್ಚುತ್ತದೆ. ನಮ್ಮ ಪುಡಿಯಲ್ಲಿ 80 ಭಾಗ ಕಾಫಿ, 20 ಭಾಗ ಚಿಕೋರಿ. ಆದ್ದರಿಂದ ಒಂದು ಕಿಲೋ ಪುಡಿಗೆ ನಿಜವಾಗಿ ಹೆಚ್ಚಿದ ಖರ್ಚು 95 ರೂಪಾಯಿ. ತೆರಿಗೆ ಬೇರೆ. 500 ರೂಪಾಯಿಯ ಪುಡಿಯನ್ನು ಶೇಕಡಾ ಲೆಕ್ಕದಲ್ಲಿ ಏರಿಸಿದ್ದರೆ ಅದು 667 ಆಗುತ್ತಿತ್ತು. ಖರ್ಚಿಗಿಂತ 72 ರೂಪಾಯಿ ಹೆಚ್ಚು ವಸೂಲಿ!

ಚಿಕೋರಿಯ ದಾರಿ ಇನ್ನೂ ಅಪಾಯ. ದಿನಾ ಫಿಲ್ಟರ್ ಹಾಕುವವರಿಗೆ ಡಿಕಾಕ್ಷನ್ ಹೆಚ್ಚು ಕಪ್ಪಾಗಿ, ಮಂದವಾಗಿ ಇಳಿದರೆ ತಕ್ಷಣ ಗೊತ್ತಾಗುತ್ತದೆ. ಕಾಫಿ, ಚಿಕೋರಿಯ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂಬ ನಿಯಮವೂ ಇದೆ.

ಕೊನೆಗೆ ಮಾಲೀಕರು 95 ರೂಪಾಯಿ ಮಾತ್ರ ಏರಿಸಿದರು. ಹಳೇ ದರದ ಬೀಜ ಮುಗಿಯುವವರೆಗೆ ಹಳೇ ಬೆಲೆಯಲ್ಲೇ ಮಾರಿದರು. ಹದಿನೈದು ದಿನ ಮೊದಲೇ ಗಲ್ಲಾಪೆಟ್ಟಿಗೆಯ ಪಕ್ಕ ಕಾರಣ ಬರೆದು ಹಾಕಿದರು. ಒಂದು ಲೋಟಕ್ಕೆ 12 ಗ್ರಾಂ ಪುಡಿ ಎಂದರೂ ಹೊರೆ ಒಂದು ರೂಪಾಯಿ ಚಿಲ್ಲರೆ ಎಂದು ಬಾಯ್ಮಾತಲ್ಲೂ ಹೇಳಿದರು. ಅಗ್ಗದ್ದು ಬೇಕೆಂದವರಿಗೆ 70-30 ಪುಡಿಯನ್ನು ಬೇರೆ ಚೀಟಿ ಅಂಟಿಸಿ ಕೊಟ್ಟರು.

ಗಿರಾಕಿ ಉಳಿದರೇ ಎಂಬುದು ಒಟ್ಟು ಮಾರಾಟದ ಮೊತ್ತದಿಂದ ತಿಳಿಯುವುದಿಲ್ಲ, ಬೆಲೆ ಏರಿದಾಗ ಅದು ತಾನಾಗಿ ಉಬ್ಬುತ್ತದೆ. ನಾನು ನೋಡಿದ್ದು ಖಾತೆಯಲ್ಲಿರುವ ಹಳಬರು ಎಷ್ಟು ದಿನಕ್ಕೊಮ್ಮೆ ಬಂದರು, ಎಷ್ಟು ಗ್ರಾಂ ಒಯ್ದರು ಎಂಬುದನ್ನು. ಕೆಲವರು ಅರ್ಧ ಕಿಲೋ ಬದಲು ಕಾಲು ಕಿಲೋ ಒಯ್ದರು, ಆದರೆ ಬೇಗ ಮರಳಿದರು. ಅಂಗಡಿ ಬಿಟ್ಟವರು ಬೆರಳೆಣಿಕೆಯಷ್ಟು.

ಈ ದಾರಿಗೂ ಮಿತಿಯಿದೆ. ಕಿಲೋಗೆ ಸಿಗುವ ಲಾಭ ಅಷ್ಟೇ ಇರುತ್ತದೆ, ದಾಸ್ತಾನಿಗೆ ಹಾಕುವ ಬಂಡವಾಳ ಮಾತ್ರ ಹೆಚ್ಚುತ್ತದೆ. ಸಾಲ ಮಾಡಿ ಬೀಜ ತರುವವರು ಆ ಬಡ್ಡಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಇನ್ನೊಂದು ಮಾತು: ಬೀಜದ ದರ ಇಳಿದಾಗ ಪುಡಿಯ ಬೆಲೆಯೂ ಇಳಿಯಬೇಕು. ಏರಿಕೆಯ ಲೆಕ್ಕ ಕೇಳಿಸಿಕೊಂಡ ಗಿರಾಕಿ ಇಳಿಕೆಯ ಲೆಕ್ಕವನ್ನೂ ಕೇಳುತ್ತಾರೆ.