ಅಜ್ಜಿಯನ್ನು ಕುಗ್ಗಿಸಿದವರು

ಮಕ್ಕಳ ಚಿತ್ರವನ್ನು ಅಚ್ಚಿಗೆ ಸಿದ್ಧಪಡಿಸುವ ದೊಡ್ಡವರು ಕೈ ಹಾಕಬಾರದ ಕಡೆಯೇ ಕೈ ಹಾಕುತ್ತಾರೆ ಎಂಬುದು ನನ್ನ ತಕರಾರು. ಕಾಗದದ ಕೊಳೆ ತೆಗೆಯಿರಿ ಎಂದರೆ ಮಗು ಹೇಳಿದ್ದನ್ನೇ ತೊಳೆದುಬಿಡುತ್ತಾರೆ. ಆಮೇಲೆ ಮೂಲೆಯಲ್ಲಿ ಒಂದು ಸೊಟ್ಟ ಸೂರ್ಯನನ್ನು ಬಿಟ್ಟು, ಮುಗ್ಧತೆ ಉಳಿಸಿದ್ದೇವೆ ಎನ್ನುತ್ತಾರೆ.

ಚೆನ್ನೈನದೇ ಒಂದು ಚಿತ್ರ ನೋಡಿ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ವೇಳಚೇರಿಯ ಬೀದಿಗಳಲ್ಲಿ ದೋಣಿ ಓಡಾಡಿದ್ದು ಇಲ್ಲಿರುವ ನಮಗೆಲ್ಲ ನೆನಪಿದೆ. ಅಲ್ಲಿನ ಒಂದು ಕನ್ನಡ ಮನೆಯ ಆರು ವರ್ಷದ ಹುಡುಗಿ ಅದನ್ನು ಗೆರೆ ಹಾಕಿದ ನೋಟ್‌ಬುಕ್ ಹಾಳೆಯ ಮೇಲೆ ಕ್ರೇಯಾನಿನಲ್ಲಿ ಬಿಡಿಸಿದ್ದಳು. ಗೋಡೆ ಇದೆ, ಆದರೂ ಮನೆಯೊಳಗಿನದೆಲ್ಲ ಕಾಣುತ್ತದೆ. ಮಂಚದ ಮೇಲೆ ಫ್ರಿಜ್ಜು, ಪಕ್ಕದಲ್ಲಿ ಬಾಗಿಲಿಗಿಂತ ಎತ್ತರದ ಅಜ್ಜಿ, ಅಜ್ಜಿಯ ಹೆಗಲ ಮೇಲೊಂದು ಕಿತ್ತಳೆ ಬಣ್ಣದ ಉಂಡೆ. ನೀರು ಕಂದು. ಅದನ್ನು ಎಷ್ಟು ಒತ್ತಿ ತಿಕ್ಕಿದ್ದಳೆಂದರೆ ಒಂದು ಕಡೆ ಹಾಳೆ ಹರಿದಿತ್ತು. ಆ ನೀರಿನೊಳಗೆ ಅಜ್ಜಿಯ ಎರಡೂ ಕಾಲು, ಬೆರಳುಗಳ ಸಮೇತ. ದೋಣಿ ಮಾತ್ರ ಮೂಲೆಯಲ್ಲಿ, ಬೆಂಕಿಪೊಟ್ಟಣದಷ್ಟು.

ಒಂದು ಸ್ಮರಣ ಸಂಚಿಕೆಯ ಮುಖಪುಟದಲ್ಲಿ ಅದು ಅಚ್ಚಾಗಿ ಬಂದಾಗ ನೀರು ನೀಲಿಯಾಗಿತ್ತು. ದೋಣಿ ಬೆಳೆದು ನಡುವಿಗೆ ಬಂದಿತ್ತು, ಅಜ್ಜಿ ಬಾಗಿಲಿನ ಅಳತೆಗೆ ಇಳಿದು ಮೊಣಕಾಲಿನ ಕೆಳಗೆ ಮಾಯವಾಗಿದ್ದರು. ಕಿತ್ತಳೆ ಉಂಡೆಯನ್ನು ಕಲೆಯೆಂದು ಅಳಿಸಿದ್ದರು. ಹುಡುಗಿ ಪುಟ ನೋಡಿ ಕೇಳಿದ್ದು ಒಂದೇ ಮಾತು: "ನಾನೆಲ್ಲಿ?" ಆ ಉಂಡೆ ಅವಳೇ. ಅಜ್ಜಿ ಅವಳನ್ನು ಹೊತ್ತುಕೊಂಡು ನೀರು ದಾಟಿದ್ದರು.

ಮಕ್ಕಳು ಕಣ್ಣಿಗೆ ಕಂಡದ್ದಕ್ಕಿಂತ ತಮಗೆ ಗೊತ್ತಿರುವುದನ್ನು ಬಿಡಿಸುತ್ತಾರೆ ಎಂದು ಫ್ರಾನ್ಸಿನ ಜಾರ್ಜ್ ಆನ್ರಿ ಲ್ಯೂಕೆ 1927ರಷ್ಟು ಹಿಂದೆಯೇ ಬರೆದಿದ್ದಾನೆ. ಗೋಡೆಯ ಹಿಂದಿನ ಮಂಚ, ನೀರಿನೊಳಗಿನ ಕಾಲು ಆ ಬಗೆಯವು. ಕಾಲು ಮರೆಮಾಡಿದರೆ ಅಜ್ಜಿ ನಿಂತಿದ್ದರೋ ತೇಲುತ್ತಿದ್ದರೋ ತಿಳಿಯುವುದಿಲ್ಲ. ಹಾಗೆಂದು ದೊಡ್ಡದಾಗಿ ಬಿಡಿಸಿದ್ದೆಲ್ಲ ಮುಖ್ಯವೆಂದೂ ಅಲ್ಲ, ಮೊದಲು ಬಿಡಿಸಿದ್ದಕ್ಕೆ ಹೆಚ್ಚು ಜಾಗ ಸಿಕ್ಕಿರಬಹುದು. ಯಾವುದು ಏನೆಂದು ಊಹಿಸುವ ಬದಲು ಕೆಲಸಕ್ಕೆ ಮೊದಲೇ ಮಗುವನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಇಲ್ಲಿ ತಪ್ಪಿದ್ದು ಆ ಐದು ನಿಮಿಷ.

ಹಾಗಾದರೆ ಮೂಲವನ್ನೇ ಅಚ್ಚು ಹಾಕಿ, ತಿದ್ದುವುದೇಕೆ ಎನ್ನಬಹುದು. ಪುಟ ವಿನ್ಯಾಸ ಮಾಡುವ ನನಗೆ ಅದೂ ಒಪ್ಪಿಗೆಯಿಲ್ಲ. ಫೋನಿನಲ್ಲಿ ತೆಗೆದ ಫೋಟೋದಲ್ಲಿ ಹಾಳೆಯ ಒಂದು ಬದಿ ಕತ್ತಲಾಗಿರುತ್ತದೆ. ಅದನ್ನು ಬೆಳ್ಳಗೆ ಮಾಡಹೊರಟರೆ ಮೊದಲು ಮಾಯವಾಗುವುದು ತೆಳು ಹಳದಿ. ಸ್ಕ್ಯಾನರಿನ ಗಾಜಿನ ಮೇಲಿಟ್ಟು 600 ಡಿಪಿಐನಲ್ಲಿ ತೆಗೆದರೆ ಎರಡರಷ್ಟು ಹಿಗ್ಗಿಸಿದರೂ ಅಚ್ಚಿಗೆ ಬೇಕಾದ 300 ಉಳಿಯುತ್ತದೆ. ನೋಟ್‌ಬುಕ್ಕಿನ ತಿಳಿನೀಲಿ ಗೆರೆಗಳಿಗೂ ಉಪಾಯವಿದೆ. ಚಿತ್ರದ ನೀಲಿ ಚಾನೆಲ್ ಒಂದನ್ನೇ ನೋಡಿದರೆ ಆ ಗೆರೆಗಳು ಹೆಚ್ಚುಕಡಿಮೆ ಬಿಳಿಯಾಗುತ್ತವೆ, ಕಂದು ಮತ್ತು ಹಳದಿ ಕಪ್ಪಾಗಿ ನಿಲ್ಲುತ್ತವೆ. ಅದನ್ನು ಮಾಸ್ಕ್ ಮಾಡಿಕೊಂಡು ಬಣ್ಣವನ್ನು ಮೂಲದಿಂದಲೇ ಎತ್ತಿಕೊಳ್ಳಬಹುದು. ಮಗು ತಿಳಿನೀಲಿ ಕ್ರೇಯಾನ್ ಬಳಸಿದ್ದರೆ ಮಾತ್ರ ಈ ದಾರಿ ಕೆಲಸಕ್ಕೆ ಬರುವುದಿಲ್ಲ, ಗೆರೆಗಳನ್ನು ಕೈಯಿಂದಲೇ ಅಳಿಸಬೇಕು.

ಆಮೇಲೆ ಹಲವರು ಮಾಡುವುದು ಆಟೋ ಟ್ರೇಸ್. ಕ್ರೇಯಾನಿನ ಗುಣವಿರುವುದು ಕಾಗದದ ಉಬ್ಬುಗಳಿಗೆ ಮಾತ್ರ ಮೇಣ ಹತ್ತಿ ನಡುನಡುವೆ ಉಳಿಯುವ ಬಿಳಿ ಚುಕ್ಕೆಗಳಲ್ಲಿ. ಎಲ್ಲಿ ಒತ್ತಿದಳು, ಎಲ್ಲಿ ಸುಮ್ಮನೆ ಆಡಿಸಿದಳು ಎಂಬುದು ಆ ಚುಕ್ಕೆಗಳಿಂದಲೇ ತಿಳಿಯುತ್ತದೆ. ಟ್ರೇಸ್ ಅವನ್ನು ತುಂಬಿ ಅಂಚನ್ನು ನುಣ್ಣಗೆ ಮಾಡುತ್ತದೆ. ಹಾಳೆ ಹರಿಯುವಷ್ಟು ಒತ್ತಿದ ನೀರೂ ಆಗ ಗೋಡೆಗೆ ಬಳಿದ ಬಣ್ಣದ ಹಾಗೆ ಕಾಣುತ್ತದೆ.

ಪೂರ್ತಿ ಹೊಸದಾಗಿ ಬಿಡಿಸಬೇಕೆಂದರೂ ದಾರಿಯಿದೆ. ಅಮೆರಿಕದ ಡೇವ್ ಡಿವ್ರೀಸ್ ಮಕ್ಕಳ ರಾಕ್ಷಸರನ್ನು ಪ್ರೊಜೆಕ್ಟರಿನಿಂದ ದೊಡ್ಡದು ಮಾಡಿ, ಗೆರೆಗೆ ಗೆರೆ ನಕಲಿಸಿ, ಆಮೇಲೆ ನೆರಳು, ಬೆಳಕು, ಚರ್ಮ ಬರೆಯುತ್ತಾನೆ. ನಯವೆಲ್ಲ ಅವನದು, ಆಕಾರವೆಲ್ಲ ಮಗುವಿನದು. ನಮ್ಮವರು ಮಾಡುವುದು ಇದರ ತಿರುವುಮುರುವು: ಕ್ರೇಯಾನಿನ ಒರಟನ್ನು ಮೇಲೆ ಸವರಿ ಆಕಾರವನ್ನು ತಮ್ಮದು ಮಾಡಿಕೊಳ್ಳುತ್ತಾರೆ.

ಪರೀಕ್ಷೆ ಸುಲಭ. ಹೊಸ ಚಿತ್ರವನ್ನು ಅರ್ಧ ಪಾರದರ್ಶಕ ಮಾಡಿ ಮೂಲದ ಮೇಲಿಡಿ. ಗೆರೆಗಳು ಜೋಡಿಯಾಗಿ ಕಂಡ ಕಡೆಯೆಲ್ಲ ನೀವು ಏನನ್ನೋ ಸರಿಸಿದ್ದೀರಿ, ಪ್ರತಿಯೊಂದಕ್ಕೂ ಕಾರಣ ಕೊಡಿ. ಮುಖಪುಟಕ್ಕೆ ಜಾಗ ಸಾಲದಿದ್ದರೆ ಸುತ್ತ ಖಾಲಿ ಬಿಡಿ ಅಥವಾ ಶೀರ್ಷಿಕೆ ಚಿಕ್ಕದು ಮಾಡಿ. ಅಜ್ಜಿಯನ್ನು ಕುಗ್ಗಿಸಬೇಡಿ. ಅಂದು ಮಗುವನ್ನು ದಾಟಿಸಿದ್ದು ದೋಣಿಯಲ್ಲ.